ಒಂದೇ ಮರೂನ್, ಎರಡು ಮುಖ

ದೊಡ್ಡಬಳ್ಳಾಪುರದಲ್ಲಿ ಬಣ್ಣದ ಬಗ್ಗೆ ಬಾಯಿಬಿಡುವ ಮುನ್ನ ಹುಷಾರಾಗಿರಬೇಕು. ಮಗ್ಗದ ಸದ್ದಿನಲ್ಲೇ ಬೆಳೆದ ಊರು. ಇಲ್ಲಿ ಮರೂನ್ ಅಂದರೆ ‘ಯಾವ ಮರೂನ್?’ ಎಂಬ ಪ್ರಶ್ನೆ ಗ್ಯಾರಂಟಿ.

ನಮ್ಮ ಪಕ್ಕದ ಮನೆಯವರೂ ಪವರ್‌ಲೂಮ್ ಇಟ್ಟವರೇ. ಹೊಸ ಅಡುಗೆಮನೆಯ ಕಪಾಟಿಗೆ ಮರೂನ್ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದರು. ಮದುವೆಯಾದಮೇಲೆ ಜಗಳವಿಲ್ಲದೆ ತೀರ್ಮಾನವಾದ ಸಂಗತಿ ಅದೊಂದೇ ಇರಬೇಕು. ಅಷ್ಟರಲ್ಲಿ ಆಚಾರ್ರು ಎರಡು ಲ್ಯಾಮಿನೇಟ್ ತುಂಡು ತಂದಿಟ್ಟರು, ಒಂದು ಗ್ಲಾಸಿ, ಒಂದು ಮ್ಯಾಟ್. ‘ಬಣ್ಣ ಒಂದೇ ಸಾರ್’ ಎಂದರು. ಯಾರೂ ನಂಬಲಿಲ್ಲ. ಗ್ಲಾಸಿಯದು ಕಪ್ಪಿಗೆ ತಿರುಗುವಷ್ಟು ಗಾಢ, ಮ್ಯಾಟ್‌ದು ಬೂದಿ ಬಳಿದಷ್ಟು ಮಂಕು.

ಆಚಾರ್ರು ಸುಳ್ಳು ಹೇಳಿರಲಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಮೇಲ್ಮೈಯಿಂದಲೇ ವಾಪಸಾಗುತ್ತದೆ, ಬಣ್ಣವನ್ನು ಮುಟ್ಟದೆ, ಬೆಳ್ಳಗೇ. ನುಣುಪಾದ ಗ್ಲಾಸಿ ಅದನ್ನೆಲ್ಲ ಒಂದೇ ದಿಕ್ಕಿಗೆ ಕಳಿಸಿಬಿಡುತ್ತದೆ. ಆ ದಾರಿಯಲ್ಲಿ ನೀವು ನಿಂತಿರದಿದ್ದರೆ ಕಣ್ಣಿಗೆ ಸಿಗುವುದು ಅಪ್ಪಟ ಬಣ್ಣ. ತರಿತರಿಯಾದ ಮ್ಯಾಟ್ ಅದನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಹೀಗಾಗಿ ಎಲ್ಲಿ ನಿಂತು ನೋಡಿದರೂ ಬಣ್ಣದ ಜೊತೆ ಚೂರು ಬಿಳಿ ಬೆರೆತಿರುತ್ತದೆ. ಕೆನೆಬಣ್ಣ ತಾನೇ 70 ಪಾಲು ಬೆಳಕು ವಾಪಸು ಕೊಡುವಾಗ ಈ 4 ಲೆಕ್ಕಕ್ಕಿಲ್ಲ. 6 ಪಾಲು ಕೊಡುವ ಮರೂನಿಗೆ ಅದು ದೊಡ್ಡ ಕಲಬೆರಕೆ.

ಮನೆಯ ಅಜ್ಜಿಗೆ ಈ ಲೆಕ್ಕ ಬೇಕಾಗಲಿಲ್ಲ. ‘ಒಂದೇ ನೂಲು ಸಾದಾ ನೇಯ್ಗೆಗೆ ಹಾಕಿದ್ರೆ ಒಂಥರಾ, ಸ್ಯಾಟಿನ್‌ಗೆ ಹಾಕಿದ್ರೆ ಇನ್ನೊಂಥರಾ. ಇದೂ ಹಂಗೇ ಕಣಪ್ಪ’ ಎಂದು ಬೆರಳನ್ನು ನೀರಿಗದ್ದಿ ಮ್ಯಾಟ್ ತುಂಡಿನ ಮೇಲೆ ಎಳೆದರು. ಎಳೆದಲ್ಲೆಲ್ಲ ಗ್ಲಾಸಿಯ ಮರೂನ್! ನೀರು ತರಿಯನ್ನು ತುಂಬಿ ಮೇಲ್ಮೈಯನ್ನು ನುಣುಪು ಮಾಡಿತ್ತು, ಅಷ್ಟೇ. ಒಗ್ಗರಣೆ ಕೈಯಲ್ಲಿ ಮುಟ್ಟಿದ ಗಾಢ ಮ್ಯಾಟ್ ಬಾಗಿಲಲ್ಲಿ ಕಪ್ಪು ಮಚ್ಚೆ ಕಾಣುವುದೂ ಇದೇ ಕಾರಣಕ್ಕೆ. ನೀರು ಆರುತ್ತದೆ, ಎಣ್ಣೆ ಆರುವುದಿಲ್ಲ.

ಹಾಗಂತ ಗ್ಲಾಸಿಗೆ ಓಟು ಹಾಕುವ ಮೊದಲು ಎದುರಿಗೆ ಏನಿದೆ ನೋಡಿ. ಅದು ಅರ್ಧ ಕನ್ನಡಿ. ಟ್ಯೂಬ್‌ಲೈಟ್ ಕಂಡಲ್ಲಿ ಬಣ್ಣವೇ ಮಾಯ, ಬರೀ ಬಿಳಿ ಗೀಟು. 

ಕೊನೆಗೆ ಪಕ್ಕದ ಮನೆಯವರು ಮ್ಯಾಟ್‌ನಲ್ಲೇ ಇನ್ನಷ್ಟು ಗಾಢವಾದ ಮರೂನ್ ಹಾಕಿಸಿದರು. ನನ್ನ ಪ್ರಕಾರ ಅದೇ ಸರಿ. ನೀವೂ ಅಂಗಡಿಯ ಮೇಜಿನ ಮೇಲೆ ಮಲಗಿಸಿದ ತುಂಡು ನೋಡಿ ಆರ್ಡರ್ ಕೊಡಬೇಡಿ. ಅದನ್ನು ಮನೆಗೆ ತಂದು, ಕಪಾಟು ಬರುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ.