ಶಿರಸ್ತೇದಾರರ ಸೊಳ್ಳೆ ಅರ್ಜಿ

ನಮ್ಮ ಬೀದಿಯ ಶಿರಸ್ತೇದಾರರನ್ನು ತಾಲ್ಲೂಕು ಕಚೇರಿ ಬಿಟ್ಟು ಬಹಳ ವರ್ಷವಾಯಿತು. ಅವರು ಮಾತ್ರ ತಾಲ್ಲೂಕು ಕಚೇರಿಯನ್ನು ಇನ್ನೂ ಬಿಟ್ಟಿಲ್ಲ. ಅಂಗಡಿ ಚೀಟಿಯ ಮೇಲೂ 'ವಿಷಯ: ತೊಗರಿಬೇಳೆ ಸರಬರಾಜು ಮಾಡುವ ಬಗ್ಗೆ' ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡುವವರು ಅವರು. ಬೀದಿ ದೀಪ ಕೆಟ್ಟರೆ ನಾವು ಟಾರ್ಚು ಹುಡುಕುತ್ತೇವೆ, ಅವರು ಕಾರ್ಬನ್ ಹಾಳೆ ಹುಡುಕುತ್ತಾರೆ. ಇಂಥವರೊಬ್ಬರು ಪ್ರತಿ ಬಡಾವಣೆಯಲ್ಲೂ ಇರುತ್ತಾರೆ. ದೂರದಲ್ಲಿ ಅವರ ಛತ್ರಿ ಕಂಡರೆ ಸಾಕು, ಜನ ಅಡ್ಡರಸ್ತೆ ಹಿಡಿಯುತ್ತಾರೆ. ಮನೆ ಮುಂದೆ ನೀರು ನಿಂತಾಗ ಅದೇ ಜನ ಅವರ ಗೇಟು ತಟ್ಟುತ್ತಾರೆ.

ಈ ಸಲ ನೀರು ನಿಂತದ್ದು ಶಾಲೆಯ ಕಾಂಪೌಂಡಿಗೆ ಅಂಟಿಕೊಂಡ ಚರಂಡಿಯಲ್ಲಿ. ಬಿಸಿಯೂಟದ ತಟ್ಟೆ ತೊಳೆದ ನೀರು ಅಲ್ಲಿಗೇ ಹೋಗುತ್ತದೆ. ಮೂಲೆಯ ಮೋರಿಯೊಳಗೆ ಯಾರೋ ಕೇಬಲ್ಲಿಗೆಂದು ಅಡ್ಡಲಾಗಿ ಪೈಪು ಹಾಯಿಸಿದ್ದರು. ಅದಕ್ಕೆ ಮೊದಲು ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು, ಚೀಲಕ್ಕೆ ಎಳನೀರು ಬುರುಡೆ ಸಿಕ್ಕಿತು, ಆಮೇಲೆ ಬಂದದ್ದೆಲ್ಲ ಅಲ್ಲೇ ತಂಗಿತು. ಅನ್ನದಗುಳು ಕೊಳೆತು ನೀರು ಕಪ್ಪಾಯಿತು. ಸಂಜೆ ಟ್ಯೂಷನ್ನಿಗೆ ಕೂತ ಮಕ್ಕಳು ಮಗ್ಗಿ ಹೇಳುವ ಬದಲು ಕಾಲು ಕೆರೆದುಕೊಳ್ಳತೊಡಗಿದರು.

ಶಿರಸ್ತೇದಾರರು ನಗರಸಭೆಯ ಆರೋಗ್ಯಾಧಿಕಾರಿಗಳಿಗೆ ಮೊದಲ ಅರ್ಜಿ ಬರೆದರು. 'ಡೆಂಗಿ' ಎಂಬಲ್ಲೆಲ್ಲ ಕೆಂಪು ಶಾಯಿ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕಿದ ಪಟ್ಟಣದ ಮನೆಗೆ 400 ರೂಪಾಯಿ ದಂಡ ಗೊತ್ತುಮಾಡಿತಲ್ಲ, ಅದನ್ನು ಎತ್ತಿಕೊಂಡು, 'ಸದರಿ ಚರಂಡಿಯ ಮಾಲೀಕರು ತಾವೇ ಆಗಿರುವುದರಿಂದ, ತಾವು ತಮಗೆ ಎಷ್ಟು ದಂಡ ವಿಧಿಸಿಕೊಳ್ಳುವಿರಿ ಎಂಬುದನ್ನು ತಿಳಿಸಲು ಕೋರಿದೆ' ಎಂದು ಮುಗಿಸಿದ್ದರು.

ಓದಿ ನಕ್ಕೆವು, ಸಹಿಯನ್ನೂ ಹಾಕಿದೆವು. ಕಚೇರಿಯವರು ನಗಲಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಡ್ರಮ್ಮು, ತೊಟ್ಟಿ, ಹೂಕುಂಡ, ಒಗೆದ ಟೈರುಗಳಲ್ಲಿ ನಿಂತ ತಿಳಿನೀರಿನಲ್ಲಿ. ಕೊಳಚೆ ಚರಂಡಿಯಲ್ಲಿ ಹುಟ್ಟುವುದು ಕ್ಯೂಲೆಕ್ಸ್. ಅದು ಡೆಂಗಿ ತರುವುದಿಲ್ಲ. ಚರಂಡಿ ಕಟ್ಟಿರುವುದು ಎಂಜಿನಿಯರಿಂಗ್ ವಿಭಾಗದ ವಿಷಯವಾದ್ದರಿಂದ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿದೆ ಎಂದು ಹಿಂಬರಹ ಬಂತು. ಎಂಜಿನಿಯರಿಂಗ್ ವಿಭಾಗ ಮೇಲಿನ ಸಾಲು ಓದಿ, ವಿಷಯ ಸೊಳ್ಳೆಯದು ಎಂದು ಕಡತವನ್ನು ಆರೋಗ್ಯ ವಿಭಾಗಕ್ಕೇ ವಾಪಸು ಕಳಿಸಿತು.

ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ನಮ್ಮವರ ಮುಖದಲ್ಲಿ ಮೆಚ್ಚುಗೆಯಿತ್ತು. ಸೇವೆಯಲ್ಲಿದ್ದಷ್ಟು ಕಾಲ ಬೇರೆಯವರ ಅರ್ಜಿಗಳನ್ನು ಹೀಗೇ ತಿರುಗಿಸಿದವರಲ್ಲವೇ! "ಒಳ್ಳೆ ಕೈ ಕಣಯ್ಯಾ, ಯಾರೋ ಹಳಬ ಗುಮಾಸ್ತೆ ಇರಬೇಕು" ಎಂದರು. ಹಿಂಬರಹದ ಮಾತು ನಿಜವೂ ಆಗಿತ್ತು. ಡೆಂಗಿ ಎಂಬ ಪದಕ್ಕೆ ಕಚೇರಿ ಓಡಿಬರುತ್ತದೆಂದು ನಾವೆಲ್ಲ ಅದನ್ನೇ ಬರೆಯುತ್ತೇವೆ, ಆ ಒಂದು ಪದದ ಮೇಲೇ ಅರ್ಜಿ ಬಿದ್ದುಹೋಗುತ್ತದೆ.

ಮಾರನೆಯ ಬೆಳಿಗ್ಗೆ ಅವರು ಅಡುಗೆಮನೆಯ ಸಾರಿನ ಸೌಟನ್ನು ಕೋಲಿಗೆ ಕಟ್ಟಿಕೊಂಡು ಚರಂಡಿಗೆ ಹೋದರು. ಆ ಸೌಟು ಮತ್ತೆ ಮನೆಯೊಳಗೆ ಬರಲು ಅವರ ಮನೆಯವರು ಬಿಡಲಿಲ್ಲ. ಹೀಗೆ ನೀರು ಮೊಗೆದು ಮರಿಹುಳು ಎಣಿಸುವುದು ಆರೋಗ್ಯ ಇಲಾಖೆಯವರದೇ ಕ್ರಮ. ಅವರಲ್ಲಿ ಅದಕ್ಕೆ ಬಿಳಿಯ ಬಟ್ಟಲು ಇರುತ್ತದೆ. ಹುಳುಗಳು ಬಾಲದ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ಓರೆಯಾಗಿ ನೇತಾಡುತ್ತಿದ್ದವು. ಮಲೇರಿಯಾದ ಅನಾಫಿಲಿಸ್ ಆಗಿದ್ದರೆ ನೀರಿನ ಮಟ್ಟಕ್ಕೆ ಸಮನಾಗಿ ಚಪ್ಪಟೆ ಮಲಗಿರುತ್ತಿದ್ದವು, ಆ ಕೊಳವೆ ಅವಕ್ಕಿಲ್ಲ. ಈಡಿಸ್ ಕೂಡ ನೇತಾಡುತ್ತದೆ, ಆದರೆ ಅದು ಈ ಕಪ್ಪುನೀರಿನ ಗಿರಾಕಿಯಲ್ಲ. ಹೀಗೆ ತೀರ್ಮಾನಿಸಿ ಎರಡನೆಯ ಅರ್ಜಿ ಸಿದ್ಧವಾಯಿತು. ಈ ಸಲ ಎಲ್ಲೂ ಡೆಂಗಿ ಇಲ್ಲ, ಕೆಂಪು ಶಾಯಿಯೂ ಇಲ್ಲ:

'ಮಾನ್ಯರೇ, ತಮ್ಮ ಹಿಂಬರಹದಲ್ಲಿ ಸರಿಯಾಗಿಯೇ ತಿಳಿಸಿರುವಂತೆ ಸದರಿ ಚರಂಡಿಯಲ್ಲಿರುವುದು ಕ್ಯೂಲೆಕ್ಸ್. ಇದು ಆನೆಕಾಲು ರೋಗ ಹರಡಬಲ್ಲ ಸೊಳ್ಳೆ ಎಂಬುದು ತಮಗೆ ತಿಳಿದ ವಿಷಯ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕಾದ್ದರಿಂದ, ಈ ಕಡತ ಎರಡು ವಿಭಾಗಗಳ ನಡುವೆ ಒಮ್ಮೆ ಹೋಗಿಬರುವಷ್ಟರಲ್ಲಿ ಒಂದು ತಲೆಮಾರು ಹಾರಿಹೋಗಿರುತ್ತದೆ. ದಯಮಾಡಿ ಹೊಗೆ ಹಾಕಿಸಿ ಮುಕ್ತಾಯ ಮಾಡಬಾರದಾಗಿ ವಿನಂತಿ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆಯೇ ಹೊರತು ನೀರಿನೊಳಗಿನ ಹುಳುವನ್ನಲ್ಲ. ತಮ್ಮ ವಿಭಾಗದಿಂದ ವಾರಕ್ಕೊಮ್ಮೆ ಚರಂಡಿಗೆ ಲಾರ್ವಾ ನಾಶಕ ಎಣ್ಣೆ ಸಿಂಪಡಿಸುವುದು, ಎಂಜಿನಿಯರಿಂಗ್ ವಿಭಾಗದಿಂದ ಮೋರಿಯ ಅಡ್ಡಪೈಪು ತೆಗೆಸುವುದು, ಈ ಎರಡನ್ನು ಮಾತ್ರ ಕೋರಿದೆ. ಪ್ರತಿ: ಎಂಜಿನಿಯರಿಂಗ್ ವಿಭಾಗ. ಸ್ಥಳದ ನಕ್ಷೆ ಮತ್ತು ಒಂದು ಸೀಸೆ ಲಗತ್ತಿಸಿದೆ.'

ಸೀಸೆಯಲ್ಲಿ ಇದ್ದದ್ದು ಚರಂಡಿಯ ನೀರು, ಹುಳುಗಳ ಸಮೇತ. ಟಪಾಲಿನವನು ಅದಕ್ಕೆ ಎಲ್ಲಿ ಮೊಹರು ಒತ್ತುವುದೆಂದು ತಿಳಿಯದೆ ಒಳಗೆ ಹೋಗಿ ಕೇಳಿಬಂದನಂತೆ. ಬೆಳೆದ ಹುಳುಗಳು ಯಾವತ್ತು ಬೇಕಾದರೂ ಸೊಳ್ಳೆಯಾಗಿ ಏಳಬಹುದಿತ್ತು. ಹಾಗಾಗಿ ಕಡತವನ್ನು ಇಟ್ಟುಕೊಳ್ಳಲು ಯಾವ ಮೇಜಿನವರೂ ಒಪ್ಪಲಿಲ್ಲ.

ಈ ಹಟದ ಹಿಂದೆ ಅವರಿಗೊಬ್ಬ ಗುರು ಇದ್ದಾನೆ, ರೊನಾಲ್ಡ್ ರಾಸ್. ಅನಾಫಿಲಿಸ್‌ನ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡವನು. ಅದಕ್ಕೂ ಮೊದಲು, 1883ರಲ್ಲಿ, ಆತ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ಬಂಗಲೆಯ ಕಿಟಕಿಯಾಚೆಯ ನೀರಿನ ಪೀಪಾಯಿಯಲ್ಲಿ ಹುಳುಗಳಿರುವುದನ್ನು ಕಂಡು ಅದನ್ನು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾಯಿತು. ದಂಡಿನ ಉಳಿದ ನೀರನ್ನೂ ಚೆಲ್ಲಿಸಿ ಎಂದು ಅಧಿಕಾರಿಯನ್ನು ಕೇಳಿದರೆ, ಸೊಳ್ಳೆ ಸೃಷ್ಟಿಯಾಗಿರುವುದು ಏನೋ ಉದ್ದೇಶಕ್ಕೆ, ಸಹಿಸುವುದು ನಮ್ಮ ಕರ್ತವ್ಯ ಎಂಬರ್ಥದ ಉತ್ತರ ಸಿಕ್ಕಿತೆಂದು ರಾಸ್ ಮುಂದೆ ಬರೆದುಕೊಂಡಿದ್ದಾನೆ. ಶಿರಸ್ತೇದಾರರು ಇದನ್ನು ಹೇಳುವಾಗ ಧ್ವನಿ ತಗ್ಗಿಸುತ್ತಾರೆ. "ನೋಡು, ಅವನು ಬಾಯಿಮಾತಿನಲ್ಲಿ ಕೇಳಿದ. ಅದೇ ತಪ್ಪು."

ಆರೋಗ್ಯ ನಿರೀಕ್ಷಕರು ಬಂದೇ ಬಂದರು. ಮೊದಲು ಶಿರಸ್ತೇದಾರರ ಮನೆಗೆ. ಸೀಸೆ ಕಳಿಸಿದವರ ಮನೆಯಲ್ಲೇ ಹುಳು ಸಿಕ್ಕರೆ ಎಂಬ ಆಸೆ ಪಾಪ ಅವರಿಗೂ ಇದ್ದಿರಬೇಕು. ತೊಟ್ಟಿಗೆ ಮುಚ್ಚಳ, ಮುಚ್ಚಳದ ಮೇಲೆ ತೊಳೆದ ದಿನಾಂಕದ ಚೀಟಿ, ಫ್ರಿಜ್ಜಿನ ಹಿಂದಿನ ತಟ್ಟೆ ಒಣಗಿತ್ತು. ಏನೂ ಸಿಗಲಿಲ್ಲ. "ಸಿಗಲಿಲ್ಲ ಅಂತ ಬರೆದುಕೊಡಿ" ಎಂದು ಇವರು ಕಾಗದ ಮುಂದೆ ಹಿಡಿದರು. ಹುಳು ಸಿಕ್ಕಿದ್ದು ಶಾಲೆಯ ಶೌಚಾಲಯದ ಪಕ್ಕ ಮುಚ್ಚಳವಿಲ್ಲದೆ ನಿಂತಿದ್ದ ಡ್ರಮ್ಮಿನಲ್ಲಿ, ತಿಳಿನೀರಿನಲ್ಲಿ. ಹಗಲು ಹೊತ್ತಿನಲ್ಲಿ, ತರಗತಿಯೊಳಗೇ ಕಚ್ಚುವ ಈಡಿಸ್. ಮುಖ್ಯೋಪಾಧ್ಯಾಯಿನಿಯವರು ಅಲ್ಲೇ ನಿಂತು ಡ್ರಮ್ಮು ಚೆಲ್ಲಿಸಿದರು. ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತದೆ, ತಿಂಗಳುಗಟ್ಟಲೆ ಒಣಗಿದ್ದರೂ ನೀರು ಬಿದ್ದೊಡನೆ ಮರಿಯಾಗುತ್ತದೆ ಎಂದು ನಿರೀಕ್ಷಕರು ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿಸಿದರು. ಶಿರಸ್ತೇದಾರರು ಇದನ್ನು ಟಿಪ್ಪಣಿ ಮಾಡಿಕೊಂಡರು. ಮೊದಲ ಅರ್ಜಿಯನ್ನು ಈ ಡ್ರಮ್ಮಿನ ಮೇಲೆ ಬರೆದಿದ್ದರೆ ಕೆಂಪು ಶಾಯಿ ದಂಡವಾಗುತ್ತಿರಲಿಲ್ಲ ಎಂಬ ಕೊರಗು ಅವರಿಗೆ ಇನ್ನೂ ಇದೆ.

ಆ ವಾರವೇ ಚರಂಡಿಗೆ ಎಣ್ಣೆ ಬಿತ್ತು. ನೀರಿನ ಮೇಲೆ ಎಣ್ಣೆಯ ಪದರ ಹರಡಿದರೆ ಹುಳುಗಳ ಉಸಿರುಕೊಳವೆ ಕಟ್ಟುತ್ತದೆ. ಆಮೇಲೆ ಎಂಜಿನಿಯರಿಂಗ್ ವಿಭಾಗದವರು ಮೋರಿಯ ಚಪ್ಪಡಿ ಎಬ್ಬಿಸಿ ಪೈಪು ಕಿತ್ತರು, ನೀರು ಹರಿಯಿತು. ಬೀದಿಯೆಲ್ಲ ಅಭಿನಂದಿಸಿತು, ಅವರೊಬ್ಬರು ಮಾತ್ರ ಚರಂಡಿಯ ದಂಡೆ ನೋಡುತ್ತಿದ್ದರು. ತೆಗೆದ ಹೂಳೆಲ್ಲ ಅಲ್ಲೇ ರಾಶಿಯಾಗಿತ್ತು. ಹಸಿ ಹೂಳು ಗಾಡಿಗೆ ತುಂಬಲಾಗದು, ಎರಡು ದಿನ ಒಣಗಲಿ ಎಂದು ಗುತ್ತಿಗೆದಾರ ಹೇಳಿಹೋಗಿದ್ದ. ಇದಂತೂ ಅವರಿಗೆ ಚೆನ್ನಾಗಿ ಗೊತ್ತು: ಎರಡು ದಿನ ಎಂದವನು ಬರುವುದಿಲ್ಲ, ಮಳೆ ಬರುತ್ತದೆ, ರಾಶಿ ಮತ್ತೆ ಚರಂಡಿಗೇ ಇಳಿಯುತ್ತದೆ. ಕಚೇರಿಯಿಂದ 'ಕಾಮಗಾರಿ ಪೂರ್ಣಗೊಂಡಿದೆ, ಒಪ್ಪಿ ಸಹಿ ಮಾಡಿ' ಎಂದು ಕಾಗದ ಬಂದಾಗ ಅವರು ಸಹಿ ಮಾಡಲಿಲ್ಲ. ನಿಮ್ಮ ಬೀದಿಯಲ್ಲೂ ಚರಂಡಿ ತೆಗೆಸಿದ್ದರೆ, ಹೂಳಿನ ಗಾಡಿ ಹೊರಡುವ ತನಕ ನೀವೂ ಆ ಕಾಗದಕ್ಕೆ ಸಹಿ ಮಾಡಬೇಡಿ.