ಎದೆ ಒದ್ದೆ, ಬೆನ್ನು ಒಣ

ಮಕ್ಕಳಿಗೆ ಒಗಟು ಹೇಳುವುದು ಸುಲಭ. ಅವರ ಎದುರು ಅದರ ಉತ್ತರವನ್ನು ಉಳಿಸಿಕೊಳ್ಳುವುದು ಕಷ್ಟ. ದೊಡ್ಡವರಾದರೆ ಉತ್ತರ ಕೇಳಿದ ಮೇಲೆ ‘ಓಹೋ, ಹಾಗೋ’ ಎಂದು ತಲೆಯಾಡಿಸಿ ಕಾಫಿ ಕುಡಿಯಲು ಹೋಗುತ್ತಾರೆ. ಆರು ವರ್ಷದವರು ಎದ್ದು ಹೋಗುವುದಿಲ್ಲ. ತಮ್ಮ ಉತ್ತರವೂ ಸರಿಯೇ ಎಂದು ವಾದಕ್ಕೆ ಕೂರುತ್ತಾರೆ, ಬಹಳ ಸಲ ಗೆಲ್ಲುತ್ತಾರೆ.

ಚಳ್ಳಕೆರೆಯಲ್ಲಿರುವ ನನ್ನ ಅಕ್ಕನ ಮಗಳಿಗೆ ಶಾಲೆಯಲ್ಲಿ ಒಂದು ಒಗಟಿನ ಹಾಳೆ ಕೊಟ್ಟಿದ್ದರು. ಮೊದಲನೆಯದು ಹೀಗಿತ್ತು: ಎತ್ತರಕ್ಕೆ ನಿಂತಿದ್ದೇನೆ, ತಲೆಯ ಮೇಲೆ ಬಿಳಿ ಹಿಮ, ಜಾಗ ಬಿಟ್ಟು ಕದಲುವುದಿಲ್ಲ, ನಾನು ಯಾರು? ಅವಳು ಒಂದು ಕ್ಷಣವೂ ಯೋಚಿಸದೆ “ಫ್ರಿಜ್ಜು” ಅಂದಳು. ಹಾಳೆಯ ಹಿಂದೆ ‘ಪರ್ವತ’ ಎಂದಿತ್ತು. ಆದರೆ ಅವರ ಮನೆಯ ಹಳೆಯ ಫ್ರಿಜ್ಜಿನ ಫ್ರೀಜರು ಮೇಲ್ಗಡೆಯೇ ಇದೆ, ಹಿಮವೂ ಧಾರಾಳವಾಗಿ ಕಟ್ಟುತ್ತದೆ. ಅವಳು ಕಣ್ಣಾರೆ ಕಂಡ ಬೆಟ್ಟಗಳ ಮೇಲಾದರೋ ಇರುವುದು ಬಂಡೆ ಮತ್ತು ಕುರಿ. ನಮ್ಮ ರಾಜ್ಯದಲ್ಲೇ ಎತ್ತರದ್ದಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ಅದರ ನೆತ್ತಿಗೂ ಮಂಜು ಕವಿಯುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಚಳ್ಳಕೆರೆಯ ಮಟ್ಟಿಗೆ ಫ್ರಿಜ್ಜೇ ಸರಿಯುತ್ತರ ಎಂದು ತೀರ್ಪು ಕೊಟ್ಟೆ.

ಎರಡನೆಯದು ಇನ್ನೂ ಸೊಗಸು. ಎಲೆಗಳೆಲ್ಲ ಉದುರುತ್ತವೆ, ಮರಗಳು ಬೋಳಾಗುತ್ತವೆ, ಯಾವ ಕಾಲ? ಉತ್ತರ: ಶರದೃತು. ಯಾವುದೋ ತಣ್ಣನೆಯ ದೇಶದ ಪುಸ್ತಕದಿಂದ ನೆಟ್ಟಗೆ ಇಳಿದು ಬಂದಿರಬೇಕು. ನಮ್ಮಲ್ಲಿ ಶರದೃತುವೆಂದರೆ ಆಶ್ವೀಜ, ಕಾರ್ತಿಕ; ನವರಾತ್ರಿ, ದೀಪಾವಳಿ. ಮಳೆ ಕುಡಿದ ಮರಗಳು ಆಗ ಮೈತುಂಬ ಹಸಿರು ಹೊದ್ದಿರುತ್ತವೆ. ಅವು ಎಲೆ ಉದುರಿಸುವುದು ನೆಲದ ತೇವ ಆರುತ್ತಾ ಬಂದಾಗ, ಮಾಘ ಫಾಲ್ಗುಣದ ಹೊತ್ತಿಗೆ, ಅಂದರೆ ಶಿಶಿರದಲ್ಲಿ. ಅಲ್ಲಿನ ಮರ ಚಳಿಗೆ ಹೆದರಿ ಎಲೆ ಬಿಟ್ಟರೆ ಇಲ್ಲಿನದು ನೀರಿನ ಬರಕ್ಕೆ ಹೆದರಿ ಬಿಡುತ್ತದೆ. ಹಾಗಾಗಿ ನಮ್ಮ ಒಗಟು ಬೇರೆಯದೇ ಆಗಬೇಕು: ‘ಮೈಮೇಲೆ ಒಂದೆಲೆಯಿಲ್ಲ, ಆದರೂ ಮುತ್ತುಗದ ಮರ ಕೆಂಪಗೆ ಉರಿಯುತ್ತಿದೆ. ಶಿವರಾತ್ರಿ ಬಂತು, ಹೋಳಿ ಬರುವುದಿದೆ. ಈಗ ಯಾವ ಕಾಲ?’ ಶಿಶಿರ. ಮುತ್ತುಗ ನೋಡದ ಮಗುವಿಗೆ ಮೊದಲು ಮುತ್ತುಗ ತೋರಿಸಬೇಕು. ಅಷ್ಟರಲ್ಲಿ ರಜೆ ಮುಗಿದರೂ ಚಿಂತೆಯಿಲ್ಲ.

ಇಷ್ಟಾದ ಮೇಲೆ ಹಾಳೆಯನ್ನು ಮಡಚಿಟ್ಟು ನಾವೇ ಒಗಟು ಕಟ್ಟಲು ಕೂತೆವು. ಪಕ್ಕದ ಮನೆಯ ಹುಡುಗನೂ ಬಂದು ಸೇರಿದ. ನಿಯಮ ಎರಡೇ. ಹೇಳಿದ ಮಾತೆಲ್ಲ ನಿಜವಾಗಿರಬೇಕು. ಬೇರೆ ಯಾವುದಕ್ಕೂ ಅದು ಹೊಂದಬಾರದು. ಎರಡನೆಯ ನಿಯಮದ ಕಾವಲುಗಾರ ಆ ಹುಡುಗನೇ. ನಾನು ದ್ವೀಪಕ್ಕೆಂದು, ‘ಸುತ್ತಲೂ ನೀರು, ನಡುವೆ ನನ್ನ ಬೆನ್ನು’ ಎಂದು ಶುರುಮಾಡುವಷ್ಟರಲ್ಲಿ “ಕೆರೇಲಿ ಮಲಗಿರೋ ಎಮ್ಮೆ!” ಎಂದು ಕೂಗಿದ. ‘ನನ್ನ ಮೇಲೆ ಊರಿದೆ, ಗುಡಿಯಿದೆ’ ಎಂದು ಸೇರಿಸಿದ ಮೇಲೆಯೇ ಎಮ್ಮೆ ದಡ ಹತ್ತಿತು, ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣ ಕಾಣಿಸಿತು.

ಬೆಟ್ಟದ ಒಗಟಿಗೆ ಒಂದು ಸಂಜೆಯೇ ಹಿಡಿಯಿತು. ಕಡೆಗೆ ನಿಂತ ರೂಪ ಇದು: ‘ಎದೆ ಒದ್ದೆ, ಬೆನ್ನು ಒಣ. ಕಡಲಿಗೆ ಮುಖಮಾಡಿ ನಿಂತಿದ್ದೇನೆ. ಮೋಡ ಹೊತ್ತು ಬಂದವರು ನನ್ನನ್ನು ಹತ್ತಿ ದಾಟುವಷ್ಟರಲ್ಲಿ ಹೊರೆ ಇಳಿಸಿಬಿಡುತ್ತಾರೆ.’ ಉತ್ತರ: ಪಶ್ಚಿಮ ಘಟ್ಟ.

“ಬೆನ್ನು ಯಾಕೆ ಒಣ, ಮಾಮ? ಮೋಡ ಮೇಲಿಂದ ಹಾರಿ ಬರಬೋದಲ್ಲ?” ಎಂದು ಅವಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಮುಂಗಾರಿನಲ್ಲಿ ಕಡಲ ಮೇಲಿಂದ ಬರುವ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ. ಘಟ್ಟ ಅಡ್ಡ ಬಂದಾಗ ಆ ಗಾಳಿ ಮೇಲೇರಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಆವಿ ಹನಿಯಾಗಿ ಸುರಿಯುತ್ತದೆ. ನೆತ್ತಿ ದಾಟಿ ಆಚೆ ಇಳಿಯುವಾಗ ಗಾಳಿ ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ಕರಗುತ್ತದೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಚಳ್ಳಕೆರೆಗೆ ಬೀಳುವುದು 500ರ ಆಸುಪಾಸು. ಮಿಲಿಮೀಟರು ಅವಳಿಗೆ ತಿಳಿಯದು. ಆದ್ದರಿಂದ ಗೋಡೆಗೆ ಅವಳನ್ನು ನಿಲ್ಲಿಸಿ ತೊಡೆಯ ಹತ್ತಿರ ಸೀಮೆಸುಣ್ಣದ ಗೆರೆ ಎಳೆದೆ: ಒಂದು ವರ್ಷದ ನಮ್ಮೂರ ಮಳೆಯೆಲ್ಲ ಹರಿಯದೆ, ಇಂಗದೆ ನಿಂತರೆ ಇಷ್ಟು. “ಆಗುಂಬೆದು?” ತಾರಸಿಯ ಕಡೆ ಕೈ ತೋರಿಸಿ, ಎರಡು ಅಂತಸ್ತಿನ ಮನೆ ಮುಳುಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಅಂತಸ್ತು ನಮಗೆ ಕೊಟ್ಟರೆ ಅವರಿಗೇನು ನಷ್ಟ?” ಅಂದಳು. ಜಲವಿವಾದಗಳೆಲ್ಲ ಹುಟ್ಟುವುದು ಇಲ್ಲಿಂದಲೇ ಇರಬೇಕು.

ಕಾಮನಬಿಲ್ಲಿಗೆ ಏಳು ಬಣ್ಣ ಎಂದರೆ ಒಗಟು ಅಲ್ಲೇ ಸತ್ತಂತೆ, ಎಲ್ಲರಿಗೂ ಗೊತ್ತು. ಬಣ್ಣದ ಸುದ್ದಿಯನ್ನೇ ಎತ್ತದೆ ಹೀಗೆ ಕಟ್ಟಿದೆವು: ‘ಬೆಳಿಗ್ಗೆ ಪಡುವಣದಲ್ಲಿ, ಸಂಜೆ ಮೂಡಣದಲ್ಲಿ. ಸೂರ್ಯನಿಗೆ ಬೆನ್ನು ತಿರುಗಿಸಿದವರಿಗೆ ಮಾತ್ರ ಸಿಗುತ್ತೇನೆ. ನಡುಮಧ್ಯಾಹ್ನ ನನಗೆ ರಜೆ.’ ರಜೆಯ ಮಾತು ಮಕ್ಕಳನ್ನು ನಗಿಸಲು ಸೇರಿಸಿದ್ದಲ್ಲ. ಸೂರ್ಯ ಸುಮಾರು 42 ಡಿಗ್ರಿಗಿಂತ ಮೇಲಿದ್ದರೆ ನೆಲದಲ್ಲಿ ನಿಂತವರಿಗೆ ಆಕಾಶದಲ್ಲಿ ಬಿಲ್ಲು ಕಾಣದು, ಮತ್ತು ನಮ್ಮ ನಾಡಿನಲ್ಲಿ ಡಿಸೆಂಬರಿನಲ್ಲೂ ನಡುಹಗಲ ಸೂರ್ಯ ಅದಕ್ಕಿಂತ ಮೇಲೆಯೇ ಇರುತ್ತಾನೆ. ಇದನ್ನು ಪರೀಕ್ಷಿಸಲು ಪಕ್ಕದ ಮನೆಯ ಹುಡುಗ ಸಂಜೆ ಬಿಸಿಲಿಗೆ ಬೆನ್ನು ಕೊಟ್ಟು ಬಾಯಿತುಂಬ ನೀರು ತುಂಬಿ ಉಗುಳಿದ. ಬಿಲ್ಲಿನ ಒಂದು ಚೂರು ನಿಜಕ್ಕೂ ಮೂಡಿತು, ಒಣಗಲು ಹಾಕಿದ ನನ್ನ ಅಂಗಿಯ ಮೇಲೆ ನೀರೂ ಮೂಡಿತು.

‘ಒಟ್ಟಿಗೇ ಹೊರಟ ಅಣ್ಣತಮ್ಮ, ಬೆಳಕಿನವನು ಮೊದಲು, ಗಲಾಟೆಯವನು ಆಮೇಲೆ’ ಎಂಬುದನ್ನು ಇಬ್ಬರೂ ಒಂದೇ ಉಸಿರಿಗೆ ಬಿಡಿಸಿದರು: ಮಿಂಚು, ಗುಡುಗು. ನಡುವಿನ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಲೆಕ್ಕ, ಆದರೆ ಎಣಿಸಬೇಕಾದ್ದು ಮನೆಯೊಳಗೆ ಕೂತು.

ಕಷ್ಟಕೊಟ್ಟದ್ದು ಇಬ್ಬನಿ. ‘ಮೇಲಿಂದ ಬಿದ್ದವನಲ್ಲ, ಯಾರೂ ಚಿಮುಕಿಸಿದ್ದಲ್ಲ, ಮುಂಜಾನೆ ಹುಲ್ಲಿನ ತುದಿಯಲ್ಲಿ ಕೂತಿದ್ದೇನೆ. ಮೋಡ ಮುಚ್ಚಿದ ರಾತ್ರಿ ನಾನು ಬರುವುದು ಅಪರೂಪ.’ “ಇಬ್ಬನಿ ಬೀಳೋದೇ ತಾನೆ? ಅಜ್ಜಿ ಹಂಗೇ ಅಂತಾಳೆ” ಎಂದಳು ಅವಳು. ಅಕ್ಕ ಫ್ರಿಜ್ಜಿನಿಂದ ತಣ್ಣೀರಿನ ಚೊಂಬು ತಂದು ಜಗಲಿಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಚೊಂಬಿನ ಹೊರಮೈ ಬೆವರಿತು. ಮೋಡವಿಲ್ಲದ ರಾತ್ರಿ ಹುಲ್ಲು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಇದೇ ಚೊಂಬಿನ ಹಾಗೆ ತಣ್ಣಗಾಗುತ್ತದೆ, ಸುತ್ತಲ ಗಾಳಿಯ ಆವಿ ಅದರ ಮೇಲೆಯೇ ಹನಿಗಟ್ಟುತ್ತದೆ. ಮೋಡವಿದ್ದರೆ ಆ ಬಿಸಿ ಅಷ್ಟು ಸುಲಭವಾಗಿ ಹೊರಟುಹೋಗುವುದಿಲ್ಲ. ಹುಡುಗ ಚೊಂಬಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದ. ಅಜ್ಜಿ ಮಾತ್ರ ಒಪ್ಪಲಿಲ್ಲ. “ನಾನು ಎಪ್ಪತ್ತು ವರ್ಷದಿಂದ ತಲೆಗೆ ಸೆರಗು ಹೊದ್ದುಕೊಂಡು ತಿರುಗಿದ್ದು ಸುಮ್ಮನೇನಾ?” ಎಂದು ಕೇಳಿದಳು. ಅದಕ್ಕೆ ಒಗಟಿನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಪಕ್ಕದ ಮನೆಯವನು ತನ್ನದೂ ಒಂದಿದೆ ಎಂದ. “ಬಿಸಿಲು ಜಾಸ್ತಿಯಾದ್ರೂ ಹೋಗ್ತಾನೆ, ಗಾಳಿ ಬೀಸಿದ್ರೂ ಹೋಗ್ತಾನೆ, ನಾಲ್ಕು ಹನಿ ಬಿದ್ರೂ ಹೋಗ್ತಾನೆ. ಯಾರು?” ಮೋಡ ಎಂದೆ, ಅಲ್ಲ. ಧೂಳು, ಅಲ್ಲ. ನೆರಳು, ಅಲ್ಲ.

“ಕರೆಂಟು!”

ಇದು ಹವಾಮಾನದ ಒಗಟಲ್ಲ ಎಂದು ನಾನು ತಕರಾರು ತೆಗೆದೆ. ಹೇಳಿದ್ದೆಲ್ಲ ನಿಜವೋ ಅಲ್ಲವೋ, ಬೇರೆ ಯಾವುದಕ್ಕಾದರೂ ಹೊಂದುತ್ತದೋ ಎಂದು ಅವನು ನನ್ನದೇ ಎರಡು ನಿಯಮ ಮುಂದಿಟ್ಟ. ಅಕ್ಕ ಒಳಗಿನಿಂದಲೇ ಅವನಿಗೆ ಪೂರ್ತಿ ಅಂಕ ಕೊಟ್ಟಳು.