ವಯಸ್ಸಿನ ಖಾನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಯಾವುದಕ್ಕೂ ಇನ್ನೂ ರೈಲಿಲ್ಲ. ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಹತ್ತಬೇಕು. ಆದರೂ ನಮ್ಮ ಬಳಗದ ರೈಲ್ವೆ ಮಂತ್ರಿ ನಾನೇ, ಮೊಬೈಲಿನಲ್ಲಿ ಟಿಕೆಟ್ ಬುಕ್ ಮಾಡಲು ಬರುತ್ತದಲ್ಲ!

ಸವದತ್ತಿ ಅತ್ತಿಯ ವಯಸ್ಸು ಕೇಳಿದೆ. “ನವಿಲುತೀರ್ಥದ ಡ್ಯಾಂ ಕಟ್ಟೂ ಮುಂದ ನಾ ಬುತ್ತಿ ಒಯ್ತಿದ್ದೆ, ನೀನ ಲೆಕ್ಕಾ ಹಾಕ್ಕೋ” ಅಂದಳು. ಡ್ಯಾಂ ಮುಗಿದದ್ದು 1972ರಲ್ಲಿ. ಫಾರ್ಮಿಗೆ ಇತಿಹಾಸ ಬೇಡ, ಅಂಕಿ ಬೇಕು. ಆಧಾರ್ ತೆಗೆಸಿದರೆ 68. “ಅಷ್ಟ್ ಬರೀಬ್ಯಾಡೋ, ಐವತ್ತೈದ ಹಾಕು!” ಹಿರಿಯರ ಲೋವರ್ ಬರ್ತ್ ಕೋಟಾಕ್ಕೆ ಹೆಂಗಸರಿಗೆ 45 ಸಾಕು, ನಿಜ. ಆದರೆ ಟಿಟಿಇ ಗುರುತಿನ ಚೀಟಿ ಕೇಳಿದಾಗ ಆ ಹದಿಮೂರು ವರ್ಷ ಎಲ್ಲಿ ಹೋದವು ಅಂತ ಹೇಳೋದು?

ರಾಮದುರ್ಗದ ಕಾಕಾಂದು ಉಲ್ಟಾ. 57ರ ಅವರು “ಅರವತ್ ಬರಿ, ರಿಯಾಯಿತಿ ಸಿಗತೈತಿ” ಎಂದರು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ ಎಂದ ಕೂಡಲೇ ಮೂರು ವರ್ಷ ಸಣ್ಣವರಾದರು.

ಉಳಿದವನು ಮೊಮ್ಮಗ. ಐದರಿಂದ ಹನ್ನೊಂದರವರೆಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ಅತ್ತಿ “ನಾಕ ಬರಿ, ಪುಕ್ಕಟ” ಎಂದು ಪಿಸುಗುಟ್ಟುವಷ್ಟರಲ್ಲಿ ಹುಡುಗ ಗುಡುಗಿದ: “ನನಗ ಆರು! ನನ್ನ ಬರ್ತ್ ನನಗ ಬೇಕು!”